ಎಕ್ಸಿಟ್ ಟಿಕೆಟ್‌ನಲ್ಲಿ ಎಲ್ಲರೂ ಸರಿ, ಮರುದಿನ ಅರ್ಧ ತರಗತಿ ತಪ್ಪು (6ನೇ ತರಗತಿ, ದಶಮಾಂಶ)

ಮಲ್ಲಿಗೆ ಟೀಚರ್
6ನೇ ತರಗತಿ, 42 ಮಕ್ಕಳು, 40 ನಿಮಿಷದ ಪಿರಿಯಡ್. ದಶಮಾಂಶ ಸಂಖ್ಯೆಗಳ ಹೋಲಿಕೆ ಮುಗಿಸಿ ಕೊನೆಯ ಐದು ನಿಮಿಷ ಚೀಟಿ ಕೊಟ್ಟೆ. ದೊಡ್ಡ ಸಂಖ್ಯೆಗೆ ಸುತ್ತು ಹಾಕಬೇಕು, ಅಷ್ಟೇ:

0.3 – 0.7
2.45 – 2.3
0.58 – 0.21

ಕೆಳಗೆ ಇನ್ನೊಂದು ಸಾಲು: "ಇವತ್ತಿನ ಪಾಠ ಅರ್ಥವಾಯಿತೇ? ಹೌದು / ಸ್ವಲ್ಪ / ಇಲ್ಲ". 36 ಮಕ್ಕಳದ್ದು ಮೂರಕ್ಕೆ ಮೂರೂ ಸರಿ. 'ಹೌದು' ಅಂದವರು 40. ಮರುದಿನ ಬೋರ್ಡಿನ ಮೇಲೆ 0.35 ಮತ್ತು 0.4 ಬರೆದು ಕೇಳಿದರೆ ಅರ್ಧ ತರಗತಿ 0.35 ದೊಡ್ಡದು ಅಂತು. ಒಂದೇ ರಾತ್ರಿಯಲ್ಲಿ ಮರೆತರಾ, ಇಲ್ಲಾ ನನ್ನ ಚೀಟಿಯೇ ಸರಿ ಇಲ್ಲವಾ? ಯಾರಿಗೆ ಮತ್ತೆ ಹೇಳಿಕೊಡಬೇಕು ಅಂತ ಗೊತ್ತಾಗೋ ಹಾಗೆ ಚೀಟಿ ಮಾಡೋದು ಹೇಗೆ?

ಬಿಳಿ ಬಳಪ
ಮರೆತಿಲ್ಲ ಮೇಡಂ. ನಿಮ್ಮ ಮೂರೂ ಪ್ರಶ್ನೆಗಳಲ್ಲಿ ಬಿಂದುವನ್ನು ಅಳಿಸಿ ನೋಡಿ. 3ಕ್ಕಿಂತ 7 ದೊಡ್ಡದು, 23ಕ್ಕಿಂತ 245 ದೊಡ್ಡದು, 21ಕ್ಕಿಂತ 58 ದೊಡ್ಡದು. ಬಿಂದು ಅಂದರೇನು ಅಂತಲೇ ಗೊತ್ತಿಲ್ಲದ ಮಗುವಿಗೂ ಮೂರಕ್ಕೆ ಮೂರು ಬರುತ್ತೆ. ಪೂರ್ಣಸಂಖ್ಯೆ ಹೋಲಿಸೋಕೆ ಬರುತ್ತಾ ಅನ್ನೋದನ್ನ ಆ ಚೀಟಿ ಅಳೆದಿದೆ, ದಶಮಾಂಶವನ್ನಲ್ಲ.

ಮಲ್ಲಿಗೆ ಟೀಚರ್
ಅಯ್ಯೋ ಹೌದಲ್ಲ!

ಧಾರವಾಡ ಮಾಸ್ತರ
ಇಷ್ಟಕ್ಕ ಚೀಟಿ ಯಾಕ ಬೇಕ್ರಿ? ಬಿಂದುವಿನ ಮುಂದ ಅಂಕಿ ಕಡಿಮಿ ಇದ್ದಲ್ಲಿ ಬಲಕ್ಕ ಸೊನ್ನಿ ಹಚ್ಚಿ ಸಮ ಮಾಡ್ರಿ ಅಂತ ಹೇಳ್ರಿ. 0.4 ಅನ್ನೋದು 0.40 ಆತು, 40 ಮತ್ತ 35, ಯಾವುದು ದೊಡ್ಡದು? ಮುಗೀತು. ಮರು ಬೋಧನಾ ಎಲ್ಲಾ ಐದು ನಿಮಿಷದ ಕೆಲಸ.

ಬಿಳಿ ಬಳಪ
ಮಾಸ್ತರೇ, ಆ ಉಪಾಯದಿಂದ ಉತ್ತರ ಸರಿ ಬರುತ್ತೆ, ಅದನ್ನ ಒಪ್ಪುತ್ತೇನೆ. ತೊಡಕೂ ಅಲ್ಲೇ ಇದೆ. ಸೊನ್ನೆ ಹಚ್ಚಿದ ಮೇಲೂ ಮಗು ಹೋಲಿಸೋದು 40 ಮತ್ತು 35 ಅನ್ನೋ ಪೂರ್ಣಸಂಖ್ಯೆಗಳನ್ನೇ. ಹೋಲಿಕೆಯ ಚೀಟಿಯಲ್ಲಿ ಪೂರ್ತಿ ಸರಿ ಕಾಣುತ್ತೆ, ಮುಂದಿನ ವಾರ ಸಂಕಲನಕ್ಕೆ ಬಂದಾಗ 0.35 + 0.4 = 0.39 ಅಂತ ಬರೆಯುತ್ತೆ. ಎರಡೂ ಒಂದೇ ತಪ್ಪು. ಇನ್ನು ಕೆಲವರು ಸೊನ್ನೆಯನ್ನ ಎಡಕ್ಕೆ ಹಚ್ಚಿ 0.4ನ್ನ 0.04 ಮಾಡ್ತಾರೆ, ಅವರಿಗೆ 'ಬಲ' ಅನ್ನೋದು ನೆನಪಿರಲ್ಲ, 'ಸೊನ್ನೆ' ಮಾತ್ರ ನೆನಪಿರುತ್ತೆ.

ಟೀಚರ್ ಕೇಳಿದ್ದಕ್ಕೆ ಬರ್ತೀನಿ. ಈ ಪಾಠದಲ್ಲಿ ಮಕ್ಕಳು ಮುಖ್ಯವಾಗಿ ಎರಡು ರೀತಿ ತಪ್ಪುತ್ತಾರೆ, ಎರಡೂ ಒಂದಕ್ಕೊಂದು ಉಲ್ಟಾ. ಒಂದು ಗುಂಪಿಗೆ ಉದ್ದ ಇದ್ದದ್ದೆಲ್ಲ ದೊಡ್ಡದು: 35 ದೊಡ್ಡದಾದ್ದರಿಂದ 0.35 ದೊಡ್ಡದು. ಇನ್ನೊಂದು ಗುಂಪಿಗೆ ಗಿಡ್ಡ ಇದ್ದದ್ದೆಲ್ಲ ದೊಡ್ಡದು. "ಹತ್ತು ಭಾಗ ಮಾಡಿದರೆ ತುಂಡು ದೊಡ್ಡದು, ನೂರು ಭಾಗ ಮಾಡಿದರೆ ಚಿಕ್ಕದು" ಅಂತ ನಾವೇ ಹೇಳಿರ್ತೀವಿ. ಅದನ್ನ ಅರ್ಧ ಹಿಡ್ಕೊಂಡ ಮಗು, ನೂರರ ತುಂಡು ಎಷ್ಟೇ ಇರಲಿ ಚಿಕ್ಕದೇ ಅಂದುಕೊಂಡು 0.57ಕ್ಕಿಂತ 0.3 ದೊಡ್ಡದು ಅನ್ನುತ್ತೆ.

ಹಾಗಾಗಿ ಎರಡು ಜಾತಿಯ ಜೋಡಿ ಬೇಕು. 0.4 – 0.35 ಥರದ್ದರಲ್ಲಿ ಉದ್ದದ ಗುಂಪು ತಪ್ಪುತ್ತೆ, ಗಿಡ್ಡದ ಗುಂಪು ತಪ್ಪು ಕಾರಣಕ್ಕೆ ಸರಿ ಉತ್ತರ ಕೊಡುತ್ತೆ. 0.57 – 0.3 ಥರದ್ದರಲ್ಲಿ ಅದರ ಉಲ್ಟಾ. ಒಂದೇ ಜಾತಿ ಇಟ್ಟರೆ ಒಂದು ಗುಂಪು ಕಾಣೋದೇ ಇಲ್ಲ. ನಿಮ್ಮ ಎರಡನೇ ಪ್ರಶ್ನೆ 2.45 – 2.3 ಇತ್ತಲ್ಲ, ಅಲ್ಲಿ ತಪ್ಪಿದವರಿದ್ದರೆ ಅವರು ಬಹುಶಃ ಗಿಡ್ಡದ ಗುಂಪಿನವರು. ಹಳೇ ಚೀಟಿ ಇದ್ದರೆ ಒಮ್ಮೆ ನೋಡಿ.

ಓವರಿಗೆ ಆರು
ಮಕ್ಕಳ ತಲೇಲಿ ಇದನ್ನ ಕೆಡಿಸಿದ್ದು ಕ್ರಿಕೆಟ್ಟು. 19.5 ಓವರ್ ಆದ ಮೇಲೆ 20! 19.6 ಅಂತಾನೇ ಬರಲ್ಲ. ಅಲ್ಲಿ ಬಿಂದುವಿನ ಮುಂದೆ ಇರೋದು ಚೆಂಡಿನ ಲೆಕ್ಕ, ಹತ್ತನೇ ಒಂದು ಭಾಗ ಅಲ್ಲ.

ಕಡಲತಡಿ
ಅದು ತಮಾಷೆಗೆ ಸರಿ, ಆದ್ರೆ ನಿಜವಾದ ಉಪದ್ರ ದುಡ್ಡಿನದ್ದು. "ದಶಮಾಂಶ ಅಂದ್ರೆ ರೂಪಾಯಿ ಪೈಸೆ" ಅಂತ ಕಲಿಸಿದ ಮಕ್ಕಳು ಎರಡು ಸ್ಥಾನದವರೆಗೆ ಚಂದ ಮಾಡ್ತಾರೆ, ಮೂರನೇ ಸ್ಥಾನ ಬಂದ್ರೆ ಕೈ ಬಿಡ್ತಾರೆ. 3.72 ಮತ್ತು 3.728 ಎರಡೂ ಒಂದೇ ಅಂತಾರೆ, ಪೈಸೆಗಿಂತ ಚಿಕ್ಕದು ಇಲ್ಲವಲ್ಲ. ಇನ್ನೊಂದುಂಟು, ನಾವು ಓದುವ ಕ್ರಮ. "ಸೊನ್ನೆ ಬಿಂದು ಮೂವತ್ತೈದು" ಅಂತ ಓದಿದ್ರೆ ಕಿವಿಗೆ ಬೀಳೋದು ಮೂವತ್ತೈದೇ. "ಸೊನ್ನೆ ಬಿಂದು ಮೂರು ಐದು" ಅಂತ ಓದಬೇಕು. ಟೀಚರ್ ಬಾಯಲ್ಲೇ ಮೂವತ್ತೈದು ಬಂದ್ರೆ ಮಗು ಇನ್ನೇನು ಮಾಡ್ತದೆ?

ಸಿಆರ್‌ಪಿ ಕಣ್ಣು
ಉಪಯುಕ್ತ ಚರ್ಚೆ. ಈ ಚೀಟಿಗಳನ್ನು ರೂಪಣಾತ್ಮಕ ಮೌಲ್ಯಮಾಪನದ ಕಡತಕ್ಕೆ ಸೇರಿಸಲು ನಮೂನೆ ಯಾವುದು? ಒಂದು ಚೀಟಿಗೆ 5 ಅಂಕವೇ, 10 ಅಂಕವೇ? ನಮೂನೆ ಯಾರ ಬಳಿಯಾದರೂ ಇದ್ದರೆ ಹಾಕಿ.

ಬಿಳಿ ಬಳಪ
ಸರ್, ಇದಕ್ಕೆ ಅಂಕವೇ ಬೇಡ. ಅಂಕ ಅಂದ ಕೂಡಲೇ ಕಣ್ಣು ಪಕ್ಕದ ಚೀಟಿಗೆ ಹೋಗುತ್ತೆ, ಆಮೇಲೆ ಚೀಟಿ ಹೇಳೋದು ಬೆಂಚಿನ ಬುದ್ಧಿವಂತನ ಸುದ್ದಿ. ಇನ್ನೊಂದು ಕಾರಣ, ಅಂಕ ಮಾಹಿತಿಯನ್ನ ನುಂಗಿ ಹಾಕುತ್ತೆ. ಎರಡು ಜಾತಿಯಿಂದ ಎರಡೆರಡು ಪ್ರಶ್ನೆ ಕೊಟ್ಟರೆ ಉದ್ದದ ಗುಂಪಿಗೂ ನಾಲ್ಕರಲ್ಲಿ ಎರಡು, ಗಿಡ್ಡದ ಗುಂಪಿಗೂ ನಾಲ್ಕರಲ್ಲಿ ಎರಡು, ಕಣ್ಣು ಮುಚ್ಚಿ ಸುತ್ತು ಹಾಕಿದವನಿಗೂ ಸುಮಾರು ಎರಡು. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ, ರಿಜಿಸ್ಟರಿನಲ್ಲಿ ಮೂವರೂ 'ಎರಡು'. ಎಷ್ಟು ತಪ್ಪು ಅನ್ನೋದನ್ನ ಬಿಟ್ಟು ಯಾವುದು ತಪ್ಪು ಅಂತ ನೋಡಬೇಕು.

ಸಿಆರ್‌ಪಿ ಕಣ್ಣು
ಅದು ಸರಿ, ಆದರೆ ದಾಖಲೆ ಕೇಳಿದಾಗ ಏನು ತೋರಿಸುವುದು?

ಎಣಿಕೆ
ಎರಡೆರಡು ಯಾಕೆ ಬೇಕು ಅನ್ನೋದಕ್ಕೆ ಲೆಕ್ಕ. ಎರಡು ಆಯ್ಕೆಯ ಪ್ರಶ್ನೆಯಲ್ಲಿ ಊಹೆಯಿಂದ ಸರಿಯಾಗೋ ಸಾಧ್ಯತೆ ಅರ್ಧ. ಜಾತಿಗೆ ಒಂದರಂತೆ ಎರಡೇ ಪ್ರಶ್ನೆ ಇದ್ದರೆ, ಬರೀ ಊಹಿಸುವ ಮಗುವಿನ ಎರಡೂ ಸರಿಯಾಗೋದು ನಾಲ್ಕರಲ್ಲಿ ಒಂದು ಸಲ. 42 ಮಕ್ಕಳೂ ಊಹಿಸಿದರು ಅಂತಿಟ್ಟುಕೊಂಡರೆ 10 ಜನ 'ಕಲಿತವರು' ಅಂತ ಕಾಣ್ತಾರೆ. ನಾಲ್ಕು ಪ್ರಶ್ನೆ ಮಾಡಿದರೆ ಹದಿನಾರರಲ್ಲಿ ಒಂದು ಸಲ, ಅಂದರೆ ಎರಡು ಮೂರು ಜನ. ನಾಲ್ಕರಿಂದ ಎಂಟಕ್ಕೆ ಹೋದರೆ ಸಿಗೋ ಲಾಭ ಕಡಿಮೆ, ಹಿಡಿಯೋ ಸಮಯ ಇಮ್ಮಡಿ. ನಾಲ್ಕಕ್ಕೇ ನಿಲ್ಲಿಸಿ.

ಧಾರವಾಡ ಮಾಸ್ತರ
ಊಹಿ ತಪ್ಪಸಬೇಕಂದ್ರ 'ಯಾಕೆ?' ಅಂತ ಒಂದು ಸಾಲು ಬರಸ್ರಿ.

ಕಡಲತಡಿ
42 ಮಕ್ಕಳ 'ಯಾಕೆ' ಓದಿ ಮುಗಿಸುವಾಗ ರಾತ್ರಿ ಹತ್ತು ಗಂಟೆ ಆಗ್ತದೆ ಮಾಸ್ತರೇ. ಅಲ್ಲದೆ ಬರೆಯೋದು ಏನು? "ಯಾಕೆಂದರೆ ಅದು ದೊಡ್ಡದು". ಬರವಣಿಗೆ ನಿಧಾನ ಇರೋ ಮಕ್ಕಳು ಗಣಿತ ಗೊತ್ತಿದ್ರೂ ಖಾಲಿ ಬಿಡ್ತಾರೆ.

ಒಂದೇ ಕೊಠಡಿ
ನಮ್ಮದು 4, 5 ಸೇರಿ ಒಂದೇ ಕೋಣೆ, 18 ಮಕ್ಕಳು. ಒಂದು ತರಗತಿಗೆ ಪಾಠ ಮಾಡುವಾಗ ಇನ್ನೊಂದು ತರಗತಿ ಸ್ವಂತ ಕೆಲಸ. ಕೊನೆಯ ಐದು ನಿಮಿಷ ಅನ್ನೋದೇ ನಮಗಿಲ್ಲ. ನಮ್ಮಂಥವರು ಏನು ಮಾಡಬೇಕು?

ಕಡಲತಡಿ
ನಿಮಗೆ ಚೀಟಿಗಿಂತ ಸ್ಲೇಟು ಒಳ್ಳೆಯದು, ಅದೂ ಪಾಠದ ಮಧ್ಯದಲ್ಲಿ. ನಿಜ ಹೇಳಬೇಕಂದ್ರೆ ದೊಡ್ಡ ತರಗತಿಗೂ ಹಾಗೇ. ಚೀಟಿ ಹೇಳೋದು ನಾಳೆಗೆ ಏನು ಮಾಡಬೇಕು ಅಂತ, ಸ್ಲೇಟು ಹೇಳೋದು ಮುಂದಿನ ನಿಮಿಷಕ್ಕೆ ಏನು ಮಾಡಬೇಕು ಅಂತ.

ಮಾಡುವ ಕ್ರಮ ಹೀಗೆ. ಬೋರ್ಡಿನಲ್ಲಿ ನೀವು ಉದಾಹರಣೆ ಮಾಡಿ ತೋರಿಸಿಯಾಯ್ತು, ಮಕ್ಕಳು ಅಭ್ಯಾಸದ ಲೆಕ್ಕ ಶುರು ಮಾಡಬೇಕು, ಸರಿಯಾಗಿ ಆ ಸಂದಿಯಲ್ಲಿ ನಿಲ್ಲಿಸಿ. 40 ನಿಮಿಷದಲ್ಲಿ ಹದಿನೈದನೇ ನಿಮಿಷದ ಸುಮಾರಿಗೆ. ಅದಕ್ಕಿಂತ ತಡ ಮಾಡಿದ್ರೆ ತಪ್ಪನ್ನೇ ಹತ್ತು ಲೆಕ್ಕದಲ್ಲಿ ಅಭ್ಯಾಸ ಮಾಡಿಯಾಗಿರ್ತದೆ. ಒಂದೇ ಪ್ರಶ್ನೆ ಬರೆಯಿರಿ: "0.3ಕ್ಕಿಂತ ದೊಡ್ಡದು, 0.4ಕ್ಕಿಂತ ಚಿಕ್ಕದು, ಒಂದು ಸಂಖ್ಯೆ ಬರೆಯಿರಿ." ಇದರಲ್ಲಿ ಆಯ್ಕೆ ಇಲ್ಲ, ಊಹೆಗೆ ಜಾಗ ಇಲ್ಲ. ಅರ್ಧ ನಿಮಿಷ ಮಾತಿಲ್ಲ. ಬರೆದವರು ಸ್ಲೇಟು ಎದೆಗೆ ಮಗುಚಿ ಹಿಡಿಯಬೇಕು. ನೀವು "ತೋರಿಸಿ" ಅಂದಾಗ ಎಲ್ಲರೂ ಒಟ್ಟಿಗೇ ತಿರುಗಿಸಬೇಕು.

ಈ 'ಒಟ್ಟಿಗೇ' ಬಿಟ್ಟುಹೋದ್ರೆ ಎಲ್ಲಾ ಹೋಯ್ತು. ಮೊದಲು ತೋರಿಸಿದವನನ್ನು ನೋಡಿ ಹಿಂದಿನವರು ಅಳಿಸಿ ಬರೀತಾರೆ. ಕೈಯೆತ್ತಿಸಿ "ಯಾರಿಗೆ ಗೊತ್ತು?" ಅಂತ ಕೇಳೋದೂ ಅಷ್ಟೇ, ಗೊತ್ತಿರುವ ನಾಲ್ವರು ಸಿಗ್ತಾರೆ, ನಮಗೆ ಬೇಕಾದವರು ಸಿಗೋದಿಲ್ಲ.

ಉತ್ತರಗಳನ್ನು ಮೊದಲೇ ಯೋಚಿಸಿಟ್ಟಿರಿ. 0.31, 0.35, 0.38 ಬಂದ್ರೆ ಸರಿ. 'ಇಲ್ಲ' ಅಂತ ಬರೆದವರಿಗೆ 3 ಆದ ಮೇಲೆ 4, ನಡುವೆ ಏನೂ ಇಲ್ಲ. 0.3½ ಅಂತ ಬರೆದವನಿಗೆ ನಡುವೆ ಏನೋ ಉಂಟು ಅಂತ ಗೊತ್ತು, ಬರೆಯೋ ದಾರಿ ಗೊತ್ತಿಲ್ಲ. ಇವರಿಬ್ಬರನ್ನು ಒಂದೇ ತೂಕದಲ್ಲಿ ತೂಗಬೇಡಿ, ಎರಡನೆಯವನಿಗೆ ಎರಡು ಮಾತು ಸಾಕು.

ಒಂದೇ ಕೊಠಡಿ
ಸ್ಲೇಟು ನಮ್ಮಲ್ಲಿ ಬೇಕಾದಷ್ಟಿವೆ. ಇದು ಆಗುತ್ತೆ. 4ನೇಯವರು ಬರೆಯುವ ಕೆಲಸದಲ್ಲಿದ್ದಾಗ 5ನೇಯವರಿಗೆ ಬರೀ ಎರಡು ನಿಮಿಷ.

ಮಲ್ಲಿಗೆ ಟೀಚರ್
ಸ್ಲೇಟು ನೋಡಿದ ಮೇಲೆ ಮುಂದೆ? ಎಷ್ಟು ಜನ ತಪ್ಪಿದರೆ ನಿಲ್ಲಿಸಬೇಕು?

ಕಡಲತಡಿ
ಒಂದು ಅಂದಾಜು ಹೇಳ್ತೇನೆ, ಶಾಸನ ಅಲ್ಲ. ನಾಲ್ಕೈದು ಜನ ಮಾತ್ರ ತಪ್ಪಿದ್ರೆ ಮುಂದುವರಿಯಿರಿ, ಅಭ್ಯಾಸದ ಹೊತ್ತಿಗೆ ಅವರ ಬೆಂಚಿಗೆ ಹೋಗಿ. ಅರ್ಧಕ್ಕರ್ಧ ಆದ್ರೆ ಉತ್ತರ ಹೇಳಬೇಡಿ, ಬೇರೆ ಉತ್ತರ ಬರೆದವರ ಜೊತೆ ಎರಡು ನಿಮಿಷ ವಾದ ಮಾಡಲಿಕ್ಕೆ ಬಿಡಿ, ಆಮೇಲೆ ಮತ್ತೆ ಸ್ಲೇಟು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಈ ಮರುಮತದ ಕ್ರಮವನ್ನು ಹೆಸರಿಗೆ ತಂದವರು. ಮೊದಲ ಸುತ್ತಿನಲ್ಲಿ ಶೇ. 30ರಿಂದ 70 ಸರಿ ಇದ್ದಾಗ ಮಾತ್ರ ಚರ್ಚೆಗೆ ಬಿಡೋದು ಅದರ ರೂಢಿ. ಅದಕ್ಕಿಂತ ಕಡಿಮೆ ಇದ್ರೆ ಚರ್ಚೆಯಲ್ಲಿ ತಪ್ಪೇ ಗೆಲ್ತದೆ, ಮತ್ತೆ ಕಲಿಸೋದೇ ದಾರಿ.

ಧಾರವಾಡ ಮಾಸ್ತರ
ಹಾರ್ವರ್ಡಿನ ಮಾತು ಹಾರ್ವರ್ಡಿಗೆ ಇರಲಿ. ಆರನೇತ್ತೆ ಮಕ್ಕಳಿಗೆ ವಾದ ಮಾಡ್ರಿ ಅಂದ್ರ ಜೋರು ದನಿ ಇದ್ದಾಂವ ಗೆಲ್ಲತಾನ.

ಕಡಲತಡಿ
ಆ ಭಯ ನನಗೂ ಉಂಟು. ಅದಕ್ಕೇ 'ಚಿತ್ರ ಬಿಡಿಸಿ ತೋರಿಸದೆ ಮಾತಾಡಬಾರದು' ಅನ್ನೋ ಷರತ್ತು ಹಾಕಬೇಕು. ಹತ್ತು ಹತ್ತರ ಚೌಕದಲ್ಲಿ ಬಣ್ಣ ಹಚ್ಚಿ ತೋರಿಸಲಿ.

ಮಲ್ಲಿಗೆ ಟೀಚರ್
ಹೊಸ ಚೀಟಿ ಹೀಗೆ ಮಾಡಿದ್ದೇನೆ. ಎಲ್ಲದಕ್ಕೂ 'ದೊಡ್ಡದಕ್ಕೆ ಸುತ್ತು, ಸಮ ಇದ್ದರೆ ನಡುವೆ = ಹಾಕಿ':

1) 0.6 – 0.48
2) 0.57 – 0.3
3) 0.8 – 0.25
4) 0.64 – 0.2
5) 0.5 – 0.50

ಒಂದು ಎ4 ಹಾಳೆಗೆ ನಾಲ್ಕು ಚೀಟಿ, 42 ಮಕ್ಕಳಿಗೆ 11 ಹಾಳೆ. ಸರಿ ಇದೆಯಾ?

ಎಣಿಕೆ
1ರಿಂದ 4ರವರೆಗೆ ಸರಿ ಉತ್ತರ ಎಲ್ಲಾ ಎಡಗಡೆ! ಎಡಕ್ಕೇ ಸುತ್ತು ಹಾಕುತ್ತಾ ಹೋದವನಿಗೆ ನಾಲ್ಕಕ್ಕೆ ನಾಲ್ಕು. 1 ಮತ್ತು 4ನ್ನು ತಿರುಗಿಸಿ: 0.48 – 0.6 ಮತ್ತು 0.2 – 0.64. ಆಗ ಎಡದವನು ಪ್ರತಿ ಜಾತಿಯಲ್ಲೂ ಒಂದು ಸರಿ ಒಂದು ತಪ್ಪು ಮಾಡಿ ಬೇರೆಯಾಗಿ ಕಾಣ್ತಾನೆ.

ಇನ್ನೊಂದು ತೂತೂ ಇದೆ. ಬಿಂದುವಿನ ನಂತರದ ಮೊದಲ ಅಂಕಿ ಮಾತ್ರ ನೋಡಿದರೂ ನಾಲ್ಕೂ ಸರಿಯಾಗುತ್ತೆ. 0.3 – 0.37 ಥರದ್ದು ಒಂದೂ ಇಲ್ಲ.

ಬಿಳಿ ಬಳಪ
ಮೊದಲನೆಯದು ಖಂಡಿತ ಸರಿಪಡಿಸಿ. ಎರಡನೇ ತೂತು ನಿಜ, ಆದರೆ ಈ ಚೀಟಿಯಲ್ಲಿ ಮುಚ್ಚಬೇಡಿ. ಮೊದಲ ಅಂಕಿ ನೋಡೋ ಮಗು ಸ್ಥಾನಬೆಲೆ ಕಡೆ ಬಂದಾಗಿದೆ, ಅದಕ್ಕೆ ತುರ್ತಿಲ್ಲ. ನಾಳಿದ್ದು ಸ್ಲೇಟಿನಲ್ಲಿ 0.3 – 0.37 ಕೇಳಿದರಾಯ್ತು. ಎಲ್ಲಾ ತಪ್ಪನ್ನೂ ಒಂದೇ ಚೀಟಿಯಲ್ಲಿ ಹಿಡಿಯೋಕೆ ಹೋದರೆ ಹನ್ನೆರಡು ಪ್ರಶ್ನೆಯ ಪರೀಕ್ಷೆಯಾಗಿ, ವಿಂಗಡಿಸೋಕೆ ಕೂರೋರೇ ಇರಲ್ಲ.

'ಅರ್ಥವಾಯಿತೇ' ಸಾಲನ್ನ ತೆಗೆದಿದ್ದು ಒಳ್ಳೆಯದಾಯ್ತು. ಉದ್ದದ ಗುಂಪಿಗೆ ತಾವು ತಪ್ಪು ಅನ್ನೋ ಅನುಮಾನವೇ ಇರಲ್ಲ, ಅವರು ಪ್ರಾಮಾಣಿಕವಾಗೇ 'ಹೌದು' ಅಂತಾರೆ.

ತಿದ್ದಬೇಡಿ, ವಿಂಗಡಿಸಿ. ಕೆಂಪು ಪೆನ್ನು ಮುಟ್ಟದೆ ಮೇಜಿನ ಮೇಲೆ ನಾಲ್ಕು ರಾಶಿ ಮಾಡಿ: 1ರಿಂದ 4 ಎಲ್ಲಾ ಸರಿ; 1 ಮತ್ತು 3 ತಪ್ಪು, 2 ಮತ್ತು 4 ಸರಿ (ಉದ್ದದವರು); 2 ಮತ್ತು 4 ತಪ್ಪು, 1 ಮತ್ತು 3 ಸರಿ (ಗಿಡ್ಡದವರು); ಇದಾವುದೂ ಅಲ್ಲದ್ದು. ಒಂದು ಚೀಟಿಗೆ ಐದಾರು ಸೆಕೆಂಡು, ಒಟ್ಟು ಐದು ನಿಮಿಷ. ಸಿಆರ್‌ಪಿ ಸರ್, ರಾಶಿವಾರು ಹೆಸರು ಬರೆದ ಒಂದು ಹಾಳೆ ಇದೆಯಲ್ಲ, ದಾಖಲೆ ಬೇಕಾದರೆ ಅದೇ.

ಮಲ್ಲಿಗೆ ಟೀಚರ್
ತಿದ್ದಿದ ಚೀಟಿ ಕೊಟ್ಟು ವಿಂಗಡಿಸಿದೆ. ಎಲ್ಲಾ ಸರಿ 17. ಉದ್ದದವರು 15. ಗಿಡ್ಡದವರು 5. ಉಳಿದವರು 5. ಐದನೇ ಪ್ರಶ್ನೆ ನೋಡಿದರೆ, ಆ 17ರಲ್ಲೂ 6 ಜನ 0.50 ದೊಡ್ಡದು ಅಂದಿದ್ದಾರೆ. ಈಗ ನಾಳೆ ಎಲ್ಲರಿಗೂ ಮತ್ತೆ ಪಾಠ ಮಾಡಲಾ?

ಬಿಳಿ ಬಳಪ
ಎಲ್ಲರಿಗೂ ಒಂದೇ ಪಾಠ ಮಾತ್ರ ಬೇಡ, ಯಾಕಂದರೆ ಒಬ್ಬರ ಮದ್ದು ಇನ್ನೊಬ್ಬರ ರೋಗ. ಉದ್ದದವರಿಗೆ "ಅಂಕಿ ಜಾಸ್ತಿ ಇದ್ದ ಮಾತ್ರಕ್ಕೆ ದೊಡ್ಡದಲ್ಲ, ನೂರನೇ ಭಾಗ ಬಹಳ ಚಿಕ್ಕದು" ಅಂತ ಒತ್ತಿ ಹೇಳ್ತೀರಿ. ಪಕ್ಕದಲ್ಲೇ ಕೂತ ಗಿಡ್ಡದವರು "ನಾವು ಹೇಳಿದ್ದೇ ಸರಿ" ಅಂತ ತಲೆ ಆಡಿಸ್ತಾರೆ. ಉದ್ದದವರಲ್ಲೂ ಕೆಲವರು ನೇರ ಅತ್ತ ಕಡೆ ಜಾರ್ತಾರೆ.

ಮೊದಲ 12 ನಿಮಿಷ ಹೀಗೆ ಹಂಚಿ. 15 ಜನಕ್ಕೆ ಹತ್ತು ಹತ್ತರ ಚೌಕದ ಹಾಳೆ, ಇಬ್ಬರಿಗೆ ಒಂದು. ಪೂರ್ತಿ ಚೌಕ ಅಂದರೆ 1, ಒಂದು ಕಂಬಸಾಲು 0.1, ಒಂದು ಮನೆ 0.01 ಅಂತ ಮೊದಲೇ ಗಟ್ಟಿ ಮಾಡಿ. 0.4ಕ್ಕೆ ನಾಲ್ಕು ಕಂಬಸಾಲು, 0.35ಕ್ಕೆ ಮೂರು ಕಂಬಸಾಲು ಮತ್ತು ಐದು ಮನೆ. ನಾಲ್ಕನೇ ಸಾಲು ಅರ್ಧಕ್ಕೇ ನಿಂತಿದ್ದು ಕಣ್ಣಿಗೇ ಬೀಳುತ್ತೆ. 5 ಜನ ಗಿಡ್ಡದವರಿಗೆ ಅದೇ ಚೌಕ, ಆದರೆ 0.57 ಮತ್ತು 0.3. ಅವರ ಹತ್ತಿರ ಕೇಳಬೇಕಾದ್ದು "ಮನೆ ಚಿಕ್ಕದು, ಒಪ್ಪಿದೆ. ಎಷ್ಟು ಮನೆ ಇವೆ?" ಅಂತ. ತುಂಡಿನ ಗಾತ್ರದ ಜೊತೆ ಎಣಿಕೆಯೂ ಲೆಕ್ಕಕ್ಕೆ ಬರುತ್ತೆ ಅನ್ನೋದಷ್ಟೇ ಅವರಿಗೆ ಬಿಟ್ಟುಹೋಗಿರೋದು.

17 ಜನಕ್ಕೆ 0.5 ಮತ್ತು 0.50 ಎರಡನ್ನೂ ಬಣ್ಣ ಹಚ್ಚಿ ಹೋಲಿಸೋಕೆ ಕೊಡಿ, ಮುಗಿಸಿದವರಿಗೆ 0.3 ಮತ್ತು 0.31ರ ನಡುವಿನ ಮೂರು ಸಂಖ್ಯೆ.

ಧಾರವಾಡ ಮಾಸ್ತರ
ಹಂಗಿದ್ರ ಚೌಕ ಆದ ಮ್ಯಾಲೆ ನನ್ನ ಸೊನ್ನಿ ಹಚ್ಚಬಹುದಲ್ಲ? 0.4 ಅಂದ್ರ 40 ಮನಿ, ಅದಕ್ಕ 0.40. ಈಗ ಕಾರಣನೂ ಐತಿ.

ಬಿಳಿ ಬಳಪ
ಆಗ ಧಾರಾಳವಾಗಿ. ಆದರೂ ಒಂದು ವಾರ ತಡೆದರೆ ಒಳ್ಳೆಯದು ಅಂತ ನನಗನ್ನಿಸುತ್ತೆ. ಬೇಗ ಕೊಟ್ಟರೆ ಮರುಪರೀಕ್ಷೆಯ ಚೀಟಿ ಮತ್ತೆ ಕುರುಡಾಗುತ್ತೆ, ಚೌಕ ಅರ್ಥವಾಗಿ ಸರಿ ಮಾಡಿದರಾ, ಸೊನ್ನೆ ಹಚ್ಚಿ ಸರಿ ಮಾಡಿದರಾ ಗೊತ್ತಾಗಲ್ಲ.

ಧಾರವಾಡ ಮಾಸ್ತರ
ಒಂದ ವಾರ ತಡಕೊಂಡು ಕೂತ್ರ ಪರೀಕ್ಷಾ ಬಂದು ನಿಂತಿರ್ತೈತಿ. ನಾ ಒಪ್ಪೂದಿಲ್ರಿ.

ಒಂದೇ ಕೊಠಡಿ
ಸೊನ್ನೆ ಹಚ್ಚಿದರೂ ಸಿಕ್ಕಿಬೀಳುವ ಪ್ರಶ್ನೆ ಇದೆಯಲ್ಲ? 0ರಿಂದ 1ರವರೆಗೆ ಗೆರೆ ಎಳೆದು ಹತ್ತು ಭಾಗ ಮಾಡಿ, 0.35 ಎಲ್ಲಿ ಅಂತ ಗುರುತು ಹಾಕಿಸೋದು. ಅಲ್ಲಿ ಸೊನ್ನೆಯಿಂದ ಏನೂ ಸಹಾಯ ಆಗಲ್ಲ.

ಬಿಳಿ ಬಳಪ
ಹೌದು, ಒಳ್ಳೇ ಪ್ರಶ್ನೆ. ಮರುಪರೀಕ್ಷೆಯಲ್ಲಿ ಅದನ್ನೊಂದು ಸೇರಿಸಿ. ಗೆರೆ 10 ಸೆಂ.ಮೀ. ಇದ್ದರೆ ಅಳತೆಪಟ್ಟಿಯಲ್ಲಿ 3.5 ಸೆಂ.ಮೀ. ಹುಡುಕಿಬಿಡ್ತಾರೆ, 8 ಸೆಂ.ಮೀ. ಮಾಡಿ. ಜೋಡಿಗಳ ಅಂಕಿ ಬದಲಿಸಿ, ಜಾತಿ ಬದಲಿಸಬೇಡಿ: 0.7 – 0.52, 0.1 – 0.46, ಹೀಗೆ. ಅದೇ ದಿನ ಕೊಟ್ಟರೆ ಎಲ್ಲಾ ಸರಿ ಕಾಣುತ್ತೆ, ಐದಾರು ದಿನ ಬಿಟ್ಟು ಕೊಡಿ.

ಓವರಿಗೆ ಆರು
ಆ 'ಉಳಿದ 5' ಜನ ಏನಾದ್ರು? ಯಾರೂ ಕೇಳ್ತಾನೇ ಇಲ್ಲ.

ಮಲ್ಲಿಗೆ ಟೀಚರ್
ಮೂವರದ್ದು ಅಡ್ಡಾದಿಡ್ಡಿ, ಊಹೆ ಇರಬೇಕು. ಇಬ್ಬರದ್ದು ವಿಚಿತ್ರ, ನಾಲ್ಕಕ್ಕೆ ನಾಲ್ಕೂ ತಪ್ಪು.

ಎಣಿಕೆ
ನಾಲ್ಕೂ ತಪ್ಪು ಮಾಡೋಕೆ ಹೆಚ್ಚುಕಮ್ಮಿ ನಾಲ್ಕೂ ಗೊತ್ತಿರಬೇಕು! ಚಿಕ್ಕದಕ್ಕೆ ಸುತ್ತು ಹಾಕಿದ್ದಾರಾ ಅಂತ ಕೇಳಿ ನೋಡಿ.

ಮಲ್ಲಿಗೆ ಟೀಚರ್
ಕೇಳಿದೆ. ಹೌದು, ಇಬ್ಬರೂ ಒಂದೇ ಬೆಂಚು. ಅದಕ್ಕೂ ಮೊದಲು ಬೋರ್ಡಿನಲ್ಲಿ 'ಚಿಕ್ಕದನ್ನು ಗುರುತಿಸಿ' ಅನ್ನೋ ಲೆಕ್ಕ ಮಾಡಿಸಿದ್ದೆ, ಅದೇ ಗುಂಗಿನಲ್ಲಿ ಹಾಕಿದ್ದಾರೆ. ಒಬ್ಬಳು ಸರಿಯಾದ ಕಾರಣವನ್ನೂ ಹೇಳಿದಳು. ಇನ್ನೊಬ್ಬ "ಅವಳು ಹಾಕಿದ್ದು ನೋಡಿ ಹಾಕಿದೆ" ಅಂದ.

ಕಡಲತಡಿ
ಹಾಗಾದ್ರೆ ಅವನಿಗೆ ನಾಳೆ ಬೇರೆ ಬೆಂಚು, ಅದೇ ಚೀಟಿ.